ಹಲಗೆಯ ಮೇಲೆ ಪಾಸಾದ ಫೋನು ಜಲ್ಲಿಯ ಮೇಲೆ ಯಾಕೆ ಒಡೆಯುತ್ತದೆ?

ಗಾರೆ ಕೆಲಸದವರು ಇಟ್ಟಿಗೆ ಎತ್ತಲು ಬಗ್ಗಿದಾಗ ಅಂಗಿ ಜೇಬಿನಿಂದ ಫೋನ್ ಜಾರುತ್ತದೆ. ಕೆಳಗೆ ಜಲ್ಲಿ. ಅದು ಸಾಮಾನ್ಯ ಫೋನಲ್ಲ, ದಪ್ಪ ರಬ್ಬರ್ ಅಂಚಿನ ಗಟ್ಟಿ ಫೋನು. ಡಬ್ಬಿಯ ಮೇಲೆ 'ಮಿಲ್-ಎಸ್‌ಟಿಡಿ-810' ಅಂತ ದೊಡ್ಡದಾಗಿ ಬರೆದಿತ್ತು. ಆದರೂ ಗಾಜು ಸೀಳಿತು. ಹಾಗಾದರೆ ಡಬ್ಬಿಯ ಮೇಲಿನ ಮಾತು ಸುಳ್ಳೇ? ಸುಳ್ಳಲ್ಲ. ಆದರೆ ಆ ಪರೀಕ್ಷೆಯಲ್ಲಿ ಜಲ್ಲಿಯೇ ಇರಲಿಲ್ಲ.

ಮಿಲ್-ಎಸ್‌ಟಿಡಿ-810 ಅನ್ನುವುದು ಅಮೆರಿಕದ ರಕ್ಷಣಾ ಇಲಾಖೆ ತನ್ನ ಸಲಕರಣೆಗಳ ಪರೀಕ್ಷೆಗೆ ಬರೆದ ಕೈಪಿಡಿ. ಫೋನ್ ಡಬ್ಬಿಗಳಲ್ಲಿ ಕಾಣುವ 810ಜಿ ಆವೃತ್ತಿ 2008ರದ್ದು. ಅದರಲ್ಲಿ ಕೈಯಲ್ಲಿ ಹಿಡಿದು ಓಡಾಡುವ ವಸ್ತುವನ್ನು 122 ಸೆಂಟಿಮೀಟರ್ ಎತ್ತರದಿಂದ 26 ಸಲ ಬೀಳಿಸಬೇಕು. ಆರು ಮುಖ, ಹನ್ನೆರಡು ಅಂಚು, ಎಂಟು ಮೂಲೆ, ಒಂದೊಂದಕ್ಕೂ ಒಂದು ಸಲ. ಬೀಳುವುದು ಕಾಂಕ್ರೀಟಿನ ಮೇಲೆ ಹಾಸಿದ ಎರಡು ಇಂಚು ದಪ್ಪದ ಪ್ಲೈವುಡ್ ಹಲಗೆಯ ಮೇಲೆ. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ: ಈ 26 ಬೀಳುಗಳನ್ನು ಐದು ಫೋನ್‌ಗಳವರೆಗೆ ಹಂಚಿಕೊಳ್ಳಬಹುದು. ಅಂದರೆ ಒಂದು ಫೋನ್ ಐದಾರು ಸಲ ಬಿದ್ದರೂ ಸಾಕು. ಪರೀಕ್ಷೆ ಮಾಡಿಸುವುದೂ, ಪಾಸಾಯಿತು ಅಂತ ಹೇಳುವುದೂ ತಯಾರಕರೇ. ಅಮೆರಿಕದ ಸೇನೆ ಯಾವ ಫೋನಿಗೂ ಇದರ ಪ್ರಮಾಣಪತ್ರ ಕೊಡುವುದಿಲ್ಲ.

ರಬ್ಬರ್ ಅಂಚು ಮಾಡುವ ಕೆಲಸ ಮಾತ್ರ ನಿಜವಾದದ್ದೇ. 122 ಸೆಂಟಿಮೀಟರ್ ಎತ್ತರದಿಂದ ಬಿದ್ದ ಫೋನ್ ಅರ್ಧ ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಆಗ ಅದರ ವೇಗ ಸೆಕೆಂಡಿಗೆ ಸುಮಾರು 4.9 ಮೀಟರ್. ಆ ವೇಗವೆಲ್ಲ ಎಷ್ಟು ದೂರದಲ್ಲಿ ಸೊನ್ನೆಯಾಗುತ್ತದೆ ಅನ್ನುವುದರ ಮೇಲೆ ಪೆಟ್ಟಿನ ಜೋರು ನಿಂತಿದೆ. ಗಟ್ಟಿ ಲೋಹದ ಮೂಲೆ ಗಟ್ಟಿ ನೆಲಕ್ಕೆ ಬಡಿದು ಒಂದು ಮಿಲಿಮೀಟರಿನಲ್ಲೇ ನಿಂತಿತು ಅಂದುಕೊಳ್ಳಿ. ಆಗ ಫೋನಿನ ಮೇಲೆ ಅದರ ತೂಕದ ಸರಾಸರಿ 1,200 ಪಟ್ಟಿಗಿಂತ ಹೆಚ್ಚು ಬಲ ಬೀಳುತ್ತದೆ. ರಬ್ಬರ್ ಅದುಮಿಕೊಂಡು ನಾಲ್ಕು ಮಿಲಿಮೀಟರಿನಲ್ಲಿ ನಿಂತರೆ ಆ ಬಲ ಸುಮಾರು 300 ಪಟ್ಟಿಗೆ ಇಳಿಯುತ್ತದೆ. ಮೂರೇ ಮೂರು ಮಿಲಿಮೀಟರಿನ ವ್ಯತ್ಯಾಸ ಅಷ್ಟು ದೊಡ್ಡದು.

ಅಂಚು ಪರದೆಗಿಂತ ಸ್ವಲ್ಪ ಮೇಲೆ ಎದ್ದಿರುತ್ತದೆ, ಗಮನಿಸಿದ್ದೀರಾ? ಮುಖ ಅಡಿಯಾಗಿ ಹಲಗೆಯ ಮೇಲೆ ಬಿದ್ದರೆ ಅಂಚು ನೆಲಕ್ಕೆ ತಾಗುತ್ತದೆ, ಗಾಜು ತಾಗುವುದಿಲ್ಲ. ಜಲ್ಲಿಯಲ್ಲಿ ಈ ಉಪಾಯ ನಡೆಯುವುದಿಲ್ಲ. ಎದ್ದುನಿಂತ ಒಂದು ಕಲ್ಲು ಅಂಚಿನ ಒಳಗಿನಿಂದಲೇ ಗಾಜಿಗೆ ಚುಚ್ಚುತ್ತದೆ. ಪೂರ್ತಿ ಬಲ ಕಲ್ಲಿನ ಮೊನೆಯಷ್ಟು ಜಾಗದಲ್ಲಿ ಬೀಳುತ್ತದೆ. ರಬ್ಬರ್ ಅದುಮಿಕೊಳ್ಳುವ ಸರದಿಯೇ ಬರುವುದಿಲ್ಲ.

ಇದಕ್ಕಿಂತ ಮೆಲ್ಲಗೆ ಕೊಲ್ಲುವುದು ಮರಳು, ನನ್ನ ಪ್ರಕಾರ ಮುಖ್ಯ ಕಾರಣವೂ ಅದೇ. ಫೋನಿನ ಗಾಜನ್ನು ಗಟ್ಟಿ ಮಾಡುವಾಗ ಅದರ ಮೇಲ್ಮೈಯನ್ನು ರಾಸಾಯನಿಕವಾಗಿ ಬಿಗಿಗೊಳಿಸುತ್ತಾರೆ. ಆ ಬಿಗಿ ಪದರ ಬಿರುಕಿನ ಬಾಯಿ ತೆರೆಯದಂತೆ ಅದನ್ನು ಒತ್ತಿ ಹಿಡಿಯುತ್ತದೆ. ಆದರೆ ಪದರದ ದಪ್ಪ ಒಂದು ಮಿಲಿಮೀಟರಿನ ಸಣ್ಣ ಭಾಗ ಅಷ್ಟೇ. ಮರಳಿನಲ್ಲಿರುವ ಕ್ವಾರ್ಟ್ಜ್ ಗಾಜಿಗಿಂತ ಗಟ್ಟಿ. ಧೂಳು ಹಿಡಿದ ಪರದೆಯನ್ನು ಅಂಗಿಯಿಂದ ಒರೆಸಿದಾಗಲೆಲ್ಲ ಗೀರು ಬೀಳುತ್ತದೆ. ಯಾವುದಾದರೂ ಗೀರು ಪದರದಾಚೆಗೆ ಇಳಿದ ದಿನ ಗಾಜಿಗೆ ಮೊದಲಿನ ಶಕ್ತಿ ಉಳಿಯುವುದಿಲ್ಲ. ಪರೀಕ್ಷೆಯಲ್ಲಿ ಬಿದ್ದದ್ದು ಹೊಸ ಫೋನು. ಜೇಬಿನಿಂದ ಬಿದ್ದದ್ದು ಆರು ತಿಂಗಳು ಮರಳಿನಲ್ಲಿ ಉಜ್ಜಿದ ಫೋನು. ಹಾಗಾಗಿ ಗಟ್ಟಿ ಫೋನಿಗೂ ಮೇಲೊಂದು ಸ್ಕ್ರೀನ್ ಗಾರ್ಡ್ ಬೇಕೇ ಬೇಕು. ಗೀರು ಅದಕ್ಕೆ ಬೀಳಲಿ. ಗೀರಾದ ಮೇಲೆ ಕಿತ್ತು ಹೊಸದು ಹಾಕಿದರಾಯಿತು. ಒರೆಸುವ ಮೊದಲು ಧೂಳನ್ನು ಊದಿ ಅಥವಾ ತೊಳೆದು ತೆಗೆಯಿರಿ.

ಕೊಳ್ಳುವಾಗ ಬರೀ '810' ಅಂತಿದ್ದರೆ ಸುಮ್ನೆ ನಂಬಬೇಡಿ, ಏಕೆಂದರೆ ಆ ಕೈಪಿಡಿಯಲ್ಲಿ ಬಿಸಿ, ಚಳಿ, ತೇವ, ಅಲುಗಾಟ ಹೀಗೆ ಹತ್ತಾರು ಪರೀಕ್ಷೆಗಳಿವೆ. ಯಾವುದೋ ಒಂದನ್ನು ಮಾಡಿಯೂ ಆ ಹೆಸರು ಹಾಕಬಹುದು. ಎಷ್ಟು ಎತ್ತರದಿಂದ, ಯಾವ ನೆಲದ ಮೇಲೆ ಬೀಳಿಸಿದರು ಅನ್ನುವುದು ಬರೆದಿದೆಯಾ ನೋಡಿ. '1.8 ಮೀಟರ್, ಕಾಂಕ್ರೀಟ್' ಅನ್ನುವ ಸಾಲು ಹೆಸರಿಗಿಂತ ಹೆಚ್ಚು ಹೇಳುತ್ತದೆ. ಆದರೂ ಮೂರು ಮೀಟರ್ ಎತ್ತರದ ಸಾರುವೆಯಿಂದ ಬಿದ್ದರೆ ಪೆಟ್ಟಿನ ಶಕ್ತಿ 122 ಸೆಂಟಿಮೀಟರಿನ ಬೀಳಿಗಿಂತ ಎರಡೂವರೆ ಪಟ್ಟು ಹತ್ತಿರ. ಎತ್ತರದಲ್ಲಿ ಕೆಲಸ ಮಾಡುವವರಿಗೆ ಫೋನಿಗೆ ಕಟ್ಟುವ ದಾರವೇ ಒಳ್ಳೆಯ ರಕ್ಷಣೆ. ಕೆಳಗಿರುವವರ ತಲೆಗೂ ಅದೇ ಕ್ಷೇಮ.

ನೀರಿನ ವಿಷಯವೂ ಹೀಗೇ. ಐಪಿ68 ಅನ್ನುವ ಗುರುತು ಕೊಡುವುದು ಬೀಳದ ಫೋನನ್ನು ಶುದ್ಧ ನೀರಿನಲ್ಲಿ ಮುಳುಗಿಸಿ. ಜೋರಾಗಿ ಬಿದ್ದ ಮೇಲೆ ಚೌಕಟ್ಟು ಕೂದಲೆಳೆಯಷ್ಟು ಬಾಗಿದರೂ ಒಳಗಿನ ಅಂಟು ಬಿಡಬಹುದು, ಹೊರಗೆ ಏನೂ ಕಾಣದೆ. ಆದ್ದರಿಂದ ದೊಡ್ಡ ಪೆಟ್ಟು ಬಿದ್ದ ಫೋನನ್ನು ಗದ್ದೆಯ ಕೆಸರು ತೊಳೆಯಲು ನಲ್ಲಿಗೆ ಹಿಡಿಯಬೇಡಿ, ಒದ್ದೆ ಬಟ್ಟೆ ಸಾಕು. ಚಾರ್ಜಿಂಗ್ ಜಾಗದ ಮುಚ್ಚಳ ಮೊದಲಿನಂತೆ ಬಿಗಿಯಾಗಿ ಕೂರುತ್ತದಾ, ಅಂಚಿನ ಸಂದಿಯಲ್ಲಿ ಉಗುರು ಹೋಗುತ್ತದಾ ನೋಡಿ. ಬೆಳಿಗ್ಗೆ ಕ್ಯಾಮೆರಾ ಗಾಜಿನ ಒಳಗಡೆ ಮಂಜು ಕಂಡರೆ ತೇವ ಆಗಲೇ ಒಳಗೆ ಸೇರಿದೆ ಅಂತಲೇ ಅರ್ಥ.