ಅಳಗುಳಿ ಮನೆಯ ಆ್ಯಪ್‌ನಲ್ಲಿ ಏನನ್ನು ಕೈಬಿಡಬೇಕು?

ಅಳಗುಳಿ ಮನೆ ಆಟವನ್ನು ಆಂಡ್ರಾಯ್ಡ್ ಫೋನಿಗೆ ತರಲು ಹೊರಟಿದ್ದ ಪರಿಚಿತ ಎಂಜಿನಿಯರೊಬ್ಬರು ಹತ್ತು ತಿಂಗಳ ನಂತರ ನನ್ನ ಬಳಿ ಬಂದರು. ಹಗಲಿನ ಉದ್ಯೋಗ ಮುಗಿಸಿ ವಾರಕ್ಕೆ ಐದು ಗಂಟೆ ಕೆಲಸ ಮಾಡುತ್ತಿದ್ದ ಅವರು, ಒಂದೇ ಫೋನಿನಲ್ಲಿ ಇಬ್ಬರು ಆಡುವ ಸರಳ ಆಟವೊಂದನ್ನಷ್ಟೇ ಮಾಡಲು ಆರಂಭಿಸಿದ್ದರು. ಆಮೇಲೆ ಕಂಪ್ಯೂಟರ್ ಎದುರಾಳಿ ಸೇರಿತು; ಗುಳಿಗೆ ಕೆಲವೆಡೆ ನಾಲ್ಕು, ಕೆಲವೆಡೆ ಐದು ಕಾಳು ಹಾಕುತ್ತಾರೆಂದು ಊರೂರಿನ ನಿಯಮಗಳು ಸೇರಿದವು; ಕೊನೆಗೆ ಆನ್‌ಲೈನ್ ಆಟ, ಲಾಗಿನ್, ಅಂಕಪಟ್ಟಿಗಳೂ ಬಂದವು. ನನ್ನ ಬಳಿ ಬರುವ ಮುಂಚಿನ ಆರು ವಾರ ಅವರು ಆ ಪ್ರಾಜೆಕ್ಟನ್ನು ತೆರೆದೂ ನೋಡಿರಲಿಲ್ಲ.

ಇಂಥ ಸ್ಥಿತಿಯಲ್ಲಿ ಎಷ್ಟು ಕೆಲಸ ಆಗಿದೆ ಎಂದು ಕೇಳುವುದರಿಂದ ಪ್ರಯೋಜನವಿಲ್ಲ ಎಂಬುದು ನನ್ನ ಅನುಭವ. ಪ್ರತಿಯೊಂದು ಭಾಗವನ್ನು ಮುಗಿಸಲು ಇನ್ನೆಷ್ಟು ಗಂಟೆ ಬೇಕು, ಬಿಡುಗಡೆಯಾದ ಮೇಲೂ ಅದನ್ನು ನೋಡಿಕೊಳ್ಳುತ್ತಲೇ ಇರಬೇಕೇ ಎಂಬ ಎರಡನ್ನು ಮಾತ್ರ ಬರೆಯಲು ಹೇಳಿದೆ. ಹಳೆಯ ಅಂದಾಜುಗಳನ್ನು ನೋಡಿದಾಗ, ಹತ್ತು ಗಂಟೆ ಎಂದುಕೊಂಡಿದ್ದ ಕಾಳು ಬಿತ್ತುವ ಅನಿಮೇಶನ್ ಇಪ್ಪತ್ತಕ್ಕೂ ಹೆಚ್ಚು ಗಂಟೆ ತಿಂದಿತ್ತು. ಹಾಗಾಗಿ ಹೊಸ ಅಂಕಿಗಳನ್ನೆಲ್ಲ ಇಮ್ಮಡಿಗೊಳಿಸಿದೆವು. ಆನ್‌ಲೈನ್ ಆಟ ಮತ್ತು ಲಾಗಿನ್‌ಗೆ 120, ನಿಯಮಭೇದಗಳಿಗೆ 40, ಅಂಕಪಟ್ಟಿಗೆ 30, ಕಂಪ್ಯೂಟರ್ ಎದುರಾಳಿಗೆ 40, ಆಟ ಕಲಿಸುವ ಪರದೆಗಳಿಗೆ 15, ಧ್ವನಿಗೆ 8, ಪ್ಲೇ ಸ್ಟೋರ್ ಸಿದ್ಧತೆಗೆ 20 ಗಂಟೆ: ಒಟ್ಟು 273. ವಾರಕ್ಕೆ ಐದು ಗಂಟೆಯಂತೆ ಒಂದು ವರ್ಷಕ್ಕಿಂತಲೂ ಹೆಚ್ಚು.

ಆನ್‌ಲೈನ್ ಭಾಗ ಮುಕ್ಕಾಲು ಮುಗಿದಿದೆ, ಅದನ್ನು ಹೇಗೆ ಬಿಡಲಿ ಎಂಬುದು ಅವರ ಸಂಕಟವಾಗಿತ್ತು. ಮುಗಿದಿದ್ದ ಮುಕ್ಕಾಲು ಎಂದರೆ ಒಂದೇ ವೈಫೈನಲ್ಲಿರುವ ಎರಡು ಫೋನುಗಳ ನಡುವೆ ಆಟ ನಡೆಯುವುದು. ನಡುವೆ ನೆಟ್‌ವರ್ಕ್ ಹೋದಾಗ ಆಟವನ್ನು ಮರಳಿ ಜೋಡಿಸುವುದು, ಎದುರಾಳಿ ಅರ್ಧದಲ್ಲೇ ಬಿಟ್ಟುಹೋದರೆ ತೀರ್ಪು ಕೊಡುವುದು, ಇಬ್ಬರ ಆ್ಯಪ್ ಆವೃತ್ತಿಗಳು ಬೇರೆಯಾಗಿದ್ದರೆ ಸಂಭಾಳಿಸುವುದು, ಇವೆಲ್ಲ ಉಳಿದ ಕಾಲು ಭಾಗದಲ್ಲಿದ್ದವು. ಇದರ ಮೇಲೆ ಸರ್ವರ್‌ನ ತಿಂಗಳ ಖರ್ಚು ಬೇರೆ. ಆ್ಯಪ್‌ನೊಳಗೆ ಖಾತೆ ತೆರೆಯಲು ಬಿಟ್ಟರೆ ಅದನ್ನು ಅಳಿಸುವ ವ್ಯವಸ್ಥೆಯನ್ನೂ ಕೊಡಬೇಕೆಂದು ಗೂಗಲ್ ಪ್ಲೇ ನಿಯಮವೇ ಹೇಳುತ್ತದೆ. ಬರೆದಾಗಿದ್ದ ಕೋಡ್ ಈ ಯಾವ ಕೆಲಸವನ್ನೂ ಕಡಿಮೆ ಮಾಡುತ್ತಿರಲಿಲ್ಲ.

ಇದಕ್ಕೆ ವಿರುದ್ಧವಾಗಿ, ಅವರೇ ಕೈಬಿಡಲು ಗುರುತಿಸಿಕೊಂಡು ಬಂದಿದ್ದದ್ದು ಆಟ ಕಲಿಸುವ ಪರದೆಗಳನ್ನು. ಉತ್ಸಾಹ ಕುಗ್ಗಿದಾಗ ಬೇಸರದ ಕೆಲಸವೇ ಅನಗತ್ಯವಾಗಿ ಕಾಣುತ್ತದೆ. ಈ ಎರಡನ್ನು ಬೇರ್ಪಡಿಸುವುದೇ ಇಲ್ಲಿನ ನಿಜವಾದ ಕಷ್ಟ. ನಿಯಮ ಗೊತ್ತಿಲ್ಲದ ಹುಡುಗನೊಬ್ಬ ಯಾರನ್ನೂ ಕೇಳದೆ ಒಂದು ಆಟವನ್ನು ಆಡಿ ಮುಗಿಸಬಲ್ಲನೇ ಎಂಬುದನ್ನು ನಾವು ಅಳತೆಗೋಲಾಗಿ ಇಟ್ಟುಕೊಂಡೆವು. ಆ ಅಳತೆಯಲ್ಲಿ ಕಲಿಸುವ ಪರದೆಗಳು ಉಳಿದವು, ಆನ್‌ಲೈನ್ ಆಟ, ಲಾಗಿನ್, ಅಂಕಪಟ್ಟಿ ಹೋದವು. ನಿಯಮಭೇದಗಳ ಪೈಕಿ ಅವರ ಮನೆಯಲ್ಲಿ ಆಡುವ, ಗುಳಿಗೆ ನಾಲ್ಕು ಕಾಳಿನ ಪದ್ಧತಿಯೊಂದೇ ಉಳಿಯಿತು.

ಕಂಪ್ಯೂಟರ್ ಎದುರಾಳಿಯನ್ನು ತೆಗೆಯಲಿಲ್ಲ, ತೆಳುವಾಗಿಸಿದೆವು. ಹಲವು ನಡೆಗಳನ್ನು ಮುಂದಾಗಿ ಲೆಕ್ಕಹಾಕುವ ಎದುರಾಳಿಯನ್ನು ಅವರು ಯೋಜಿಸಿದ್ದರು. ಆದರೆ ಹದಿನಾಲ್ಕು ಗುಳಿಗಳ ಮಣೆಯಲ್ಲಿ ಒಬ್ಬನ ಪಾಲಿಗೆ ಬರುವುದು ಏಳು, ಅಂದರೆ ಒಂದು ಸರದಿಯಲ್ಲಿ ಹೆಚ್ಚೆಂದರೆ ಏಳು ಆಯ್ಕೆಗಳು. ಪ್ರತಿಯೊಂದನ್ನು ಒಮ್ಮೆ ಆಡಿ ನೋಡಿ, ಹೆಚ್ಚು ಕಾಳು ತರುವುದನ್ನು ಆರಿಸಿದರೆ ಹೊಸಬರಿಗೆ ಸಾಕಷ್ಟು ಪೈಪೋಟಿಯಾಗುತ್ತದೆ. ಪಳಗಿದ ಅಜ್ಜಿಯೊಬ್ಬರು ಅದನ್ನು ಸುಲಭವಾಗಿ ಸೋಲಿಸುತ್ತಾರೆ, ನಿಜ. ನಲವತ್ತು ಗಂಟೆ ಹತ್ತಕ್ಕೆ ಇಳಿಯಿತು, ಒಟ್ಟು ಕೆಲಸ 53 ಗಂಟೆಗೆ ಬಂದಿತು: ಸುಮಾರು ಹನ್ನೊಂದು ವಾರ.

ಬಿಡಲು ನಿರ್ಧರಿಸಿದ್ದನ್ನು ಪರದೆಯಿಂದ ಮರೆಮಾಡಿದರಷ್ಟೇ ಸಾಲದು. ಬಟನ್ ಅಡಗಿಸಿ ಕೋಡ್ ಉಳಿಸಿಕೊಂಡರೆ ಅದರ ಲೈಬ್ರರಿಗಳನ್ನು ಅಪ್‌ಡೇಟ್ ಮಾಡುವ ಹೊರೆ ತಪ್ಪುವುದಿಲ್ಲ. ಆದ್ದರಿಂದ ಗುರುತು ಹಾಕಿಟ್ಟು, ಬಳಿಕ ಮುಖ್ಯ ಶಾಖೆಯಿಂದ ಪೂರ್ತಿ ಅಳಿಸಿದೆವು:

```
git tag online-half
git push origin online-half
```

ಅಳಿಸಿದ ಕೂಡಲೇ ಒಂದೇ ಫೋನಿನಲ್ಲಿ ಆಡುವ ಆಟವೂ ನಿಂತುಹೋಯಿತು, ಏಕೆಂದರೆ ಸರದಿ ಬದಲಿಸುವ ತರ್ಕವನ್ನು ಅವರು ನೆಟ್‌ವರ್ಕ್ ಕೋಡಿನೊಳಗೇ ಬರೆದಿದ್ದರು. ಅದನ್ನು ಹೊರತೆಗೆಯಲು ನಮ್ಮ ಲೆಕ್ಕದಲ್ಲಿಲ್ಲದ ಒಂಬತ್ತು ಗಂಟೆ ಹಿಡಿಯಿತು. ಹೀಗೆ ಒಂದನ್ನು ತೆಗೆದಾಗ ಇನ್ನೊಂದು ಮುರಿಯುವ ಸಾಧ್ಯತೆಯಿರುವುದರಿಂದ, ತೆಗೆಯುವ ಕೆಲಸಕ್ಕೂ ನಾನೀಗ ಪಟ್ಟಿಯಲ್ಲಿ ಗಂಟೆಗಳನ್ನು ಬರೆಸುತ್ತೇನೆ.

ಸ್ಟೋರ್ ಸಿದ್ಧತೆಯನ್ನು ಮಾತ್ರ ಕೊನೆಗೆ ತಳ್ಳಲು ಬಿಡಲಿಲ್ಲ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಗಳು ಕನಿಷ್ಠ 12 ಪರೀಕ್ಷಕರೊಂದಿಗೆ ಸತತ 14 ದಿನ ಪರೀಕ್ಷೆ ನಡೆಸಿದ ಮೇಲಷ್ಟೇ ಸಾರ್ವಜನಿಕ ಬಿಡುಗಡೆಗೆ ಅರ್ಜಿ ಹಾಕಬಹುದು, ಅವರ ಖಾತೆಯೂ ಅಂಥದ್ದೇ. ಹನ್ನೆರಡು ಜನರನ್ನು ಹೊಂದಿಸುವುದು ಒಂಟಿಯಾಗಿ ದುಡಿಯುವವರಿಗೆ ಕೋಡ್ ಬರೆಯುವಷ್ಟು ಸಲೀಸಲ್ಲ. ಹಾಗಾಗಿ ಮೊದಲ ವಾರವೇ ನೆಂಟರಿಷ್ಟರ ಹೆಸರುಗಳನ್ನು ಬರೆದಿಟ್ಟುಕೊಳ್ಳಲು ಹೇಳಿದೆ. ಕೈಬಿಟ್ಟ ಭಾಗಗಳ ಪಟ್ಟಿಯನ್ನು ಆ ಹದಿನಾಲ್ಕು ದಿನಗಳು ಮುಗಿಯುವವರೆಗೆ ತೆರೆಯಬಾರದೆಂದು ಇಬ್ಬರೂ ಒಪ್ಪಿಕೊಂಡಿದ್ದೇವೆ.