ಎಚ್‌ಪಿ ಸಾಕೇ, ಗಂಟೆಯನ್ನೂ ಗುಣಿಸಬೇಕೇ? ಓವರ್‌ಹೆಡ್‌ನ ಪ್ರಾಥಮಿಕ ಹಂಚಿಕೆ

ಪ್ರಶ್ನೆ: ಬಾಡಿಗೆಯನ್ನು ನೆಲದ ವಿಸ್ತೀರ್ಣದ ಮೇಲೆ, ವಿದ್ಯುತ್ತನ್ನು ಎಚ್‌ಪಿ ಮೇಲೆ, ಸವಕಳಿಯನ್ನು ಆಸ್ತಿಯ ಮೌಲ್ಯದ ಮೇಲೆ ವಿಭಾಗಗಳಿಗೆ ಹಂಚಬೇಕು ಎಂದು ಬಿ.ಕಾಂ.ನಲ್ಲಿ ಓದಿದ್ದೇನೆ. ಈಗ ಕೆಲಸ ಮಾಡುವ ಮೆಷಿನ್ ಶಾಪ್‌ನಲ್ಲೂ ಹಾಗೇ ಮಾಡುತ್ತಿದ್ದೇವೆ. ಆದರೆ ಮಿಲ್ಲಿಂಗ್ ವಿಭಾಗ ಎರಡು ಪಾಳಿ ಓಡುತ್ತದೆ, ಟರ್ನಿಂಗ್ ಒಂದೇ ಪಾಳಿ. ಹೀಗಿದ್ದರೂ ವಿದ್ಯುತ್ ಬಿಲ್ಲನ್ನು ಎಚ್‌ಪಿ ಮೇಲೆಯೇ ಹಂಚುವುದು ಸರಿಯೇ?

ಉತ್ತರ: ಸರಿಯಲ್ಲ. ಎಲ್ಲ ವಿಭಾಗಗಳೂ ಹೆಚ್ಚುಕಡಿಮೆ ಒಂದೇ ಹೊತ್ತು ಓಡುವಾಗ ಮಾತ್ರ ಬರೀ ಎಚ್‌ಪಿ ಸಾಕು. ಓಡುವ ಗಂಟೆ ಬೇರೆಬೇರೆಯಾದರೆ ಎಚ್‌ಪಿಯನ್ನು ಗಂಟೆಯಿಂದ ಗುಣಿಸಲೇಬೇಕು. ಪರೀಕ್ಷೆಯಲ್ಲೂ ಇದೇ ನಿಯಮ. ಪ್ರಶ್ನೆಯಲ್ಲಿ ಎಚ್‌ಪಿ ಮಾತ್ರ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ, ಕೆಲಸದ ಗಂಟೆಯನ್ನೂ ಕೊಟ್ಟಿದ್ದರೆ ಗುಣಿಸಿ. ವಿಭಾಗವಾರು ಖರ್ಚಾದ ಯೂನಿಟ್ಟುಗಳನ್ನೇ ಕೊಟ್ಟಿದ್ದರೆ ಎಚ್‌ಪಿಯ ಕಡೆ ತಿರುಗಿ ನೋಡಬೇಕಾಗಿಲ್ಲ.

ಹಂಚಿಕೆಯ ಆಧಾರ ಎಂದರೆ, ಆ ಖರ್ಚು ಯಾವುದರಿಂದ ಹುಟ್ಟುತ್ತದೋ ಅದರ ಅಳತೆ. ಭಾರತದ ವೆಚ್ಚ ಲೆಕ್ಕಿಗರ ಸಂಸ್ಥೆ ಓವರ್‌ಹೆಡ್‌ಗೆಂದೇ ಹೊರಡಿಸಿರುವ ಸಿಎಎಸ್-3 ಮಾನದಂಡವೂ ಎರಡೇ ತತ್ವ ಹೇಳುತ್ತದೆ: ಖರ್ಚಿಗೆ ಯಾರು ಕಾರಣ, ಅದರ ಪ್ರಯೋಜನ ಯಾರಿಗೆ ಎಷ್ಟು. ಮೋಟಾರಿನ ಎಚ್‌ಪಿ ಅದು ಎಷ್ಟು ವಿದ್ಯುತ್ ಎಳೆಯಬಲ್ಲದು ಎಂದು ಹೇಳುತ್ತದೆಯೇ ಹೊರತು, ಎಷ್ಟು ಹೊತ್ತು ಎಳೆಯಿತು ಎಂದಲ್ಲ. ಬಿಲ್ಲು ಬರುವುದು ಎರಡೂ ಸೇರಿ.

ಐದು ವಿಭಾಗಗಳ ಒಂದು ಸಣ್ಣ ಮೆಷಿನ್ ಶಾಪ್ ಇಟ್ಟುಕೊಂಡು ಇದನ್ನು ನೋಡೋಣ. ಟರ್ನಿಂಗ್, ಮಿಲ್ಲಿಂಗ್, ಅಸೆಂಬ್ಲಿ ಉತ್ಪಾದನಾ ವಿಭಾಗಗಳು. ಮೆಂಟೆನೆನ್ಸ್ ಮತ್ತು ಸ್ಟೋರ್ಸ್ ಸೇವಾ ವಿಭಾಗಗಳು. ತಿಂಗಳಿಗೆ ಬಾಡಿಗೆ 1,20,000 ರೂಪಾಯಿ, ವಿದ್ಯುತ್ 90,000, ಸವಕಳಿ 75,000. ಒಟ್ಟು 2,85,000. ಇಷ್ಟನ್ನೂ ಐದೂ ವಿಭಾಗಗಳ ಮೇಲೆ ಕೂರಿಸುವುದೇ ಪ್ರಾಥಮಿಕ ಹಂಚಿಕೆ. ಸೇವಾ ವಿಭಾಗಗಳು ನೇರವಾಗಿ ಏನನ್ನೂ ತಯಾರಿಸುವುದಿಲ್ಲವೆಂದು ಕೆಲವರು ಅವನ್ನು ಇಲ್ಲೇ ಕೈಬಿಡುತ್ತಾರೆ. ಅದು ತಪ್ಪು. ಅವೂ ನೆಲ ಬಳಸುತ್ತವೆ, ಯಂತ್ರ ಇಟ್ಟುಕೊಂಡಿವೆ. ಅವುಗಳ ಮೊತ್ತ ಉತ್ಪಾದನಾ ವಿಭಾಗಗಳಿಗೆ ಹೋಗುವುದು ಮುಂದಿನ ಹಂತದಲ್ಲಿ, ದ್ವಿತೀಯಕ ಹಂಚಿಕೆಯಲ್ಲಿ.

ಬಾಡಿಗೆಯ ಲೆಕ್ಕ ಸುಲಭ. ಟರ್ನಿಂಗ್ 2,000 ಚದರಡಿ, ಮಿಲ್ಲಿಂಗ್ 1,500, ಅಸೆಂಬ್ಲಿ 1,500, ಮೆಂಟೆನೆನ್ಸ್ 400, ಸ್ಟೋರ್ಸ್ 600. ಒಟ್ಟು 6,000. ಚದರಡಿಗೆ 20 ರೂಪಾಯಿ ಬೀಳುತ್ತದೆ. ಎಡವುವುದು ಬಾಡಿಗೆ ಕರಾರಿನಲ್ಲಿ ಬರೆದ ವಿಸ್ತೀರ್ಣವನ್ನು ಹಿಡಿದಾಗ. ಓಡಾಡುವ ದಾರಿ, ಮಾಲು ಇಳಿಸುವ ಜಾಗ ಸೇರಿ ಕರಾರಿನಲ್ಲಿ 7,000 ಚದರಡಿ ಇದೆ ಅನ್ನಿ. ಅದರಿಂದ ಭಾಗಿಸಿದರೆ ದರ 17.14ಕ್ಕೆ ಇಳಿಯುತ್ತದೆ, ವಿಭಾಗಗಳ ಪಾಲನ್ನೆಲ್ಲ ಕೂಡಿದರೂ 17,143 ರೂಪಾಯಿ ಯಾರ ತಲೆಗೂ ಬೀಳದೆ ಉಳಿದುಬಿಡುತ್ತದೆ. ದಾರಿಯ ಬಾಡಿಗೆಯನ್ನೂ ಆ ದಾರಿ ಬಳಸುವ ವಿಭಾಗಗಳೇ ಹೊರಬೇಕು. ಆದ್ದರಿಂದ ಭಾಗಿಸಬೇಕಾದ್ದು ವಿಭಾಗಗಳ ಕೈಯಲ್ಲಿರುವ 6,000ದಿಂದಲೇ.

ಇನ್ನು ವಿದ್ಯುತ್. ಟರ್ನಿಂಗ್‌ನಲ್ಲಿ 40 ಎಚ್‌ಪಿ, ಮಿಲ್ಲಿಂಗ್‌ನಲ್ಲಿ 30, ಅಸೆಂಬ್ಲಿಯಲ್ಲಿ 5, ಮೆಂಟೆನೆನ್ಸ್‌ನಲ್ಲಿ 5, ಸ್ಟೋರ್ಸ್‌ನಲ್ಲಿ ಮೋಟಾರೇ ಇಲ್ಲ. ಒಟ್ಟು 80 ಎಚ್‌ಪಿ. ನೀವು ಈಗ ಮಾಡುತ್ತಿರುವಂತೆ ಹಂಚಿದರೆ ಎಚ್‌ಪಿಗೆ 1,125 ರೂಪಾಯಿ. ಟರ್ನಿಂಗ್‌ಗೆ 45,000, ಮಿಲ್ಲಿಂಗ್‌ಗೆ 33,750.

ಈಗ ಗಂಟೆಯನ್ನು ಸೇರಿಸೋಣ. ಟರ್ನಿಂಗ್ ತಿಂಗಳಿಗೆ 200 ಗಂಟೆ ಓಡಿತು, ಎರಡು ಪಾಳಿಯ ಮಿಲ್ಲಿಂಗ್ 350 ಗಂಟೆ, ಅಸೆಂಬ್ಲಿ 200, ಮೆಂಟೆನೆನ್ಸ್ 100. ಎಚ್‌ಪಿಯಿಂದ ಗುಣಿಸಿದರೆ ಕ್ರಮವಾಗಿ 8,000, 10,500, 1,000 ಮತ್ತು 500 ಎಚ್‌ಪಿ-ಗಂಟೆ, ಒಟ್ಟು 20,000. ಪ್ರತಿ ಎಚ್‌ಪಿ-ಗಂಟೆಗೆ 4.50 ರೂಪಾಯಿ. ಟರ್ನಿಂಗ್‌ಗೆ 36,000, ಮಿಲ್ಲಿಂಗ್‌ಗೆ 47,250. ಹೆಚ್ಚು ಹೊರುತ್ತಿದ್ದ ವಿಭಾಗ ಕಡಿಮೆಗೆ ಬಂತು, ಕಡಿಮೆ ಹೊರುತ್ತಿದ್ದದ್ದು ಮೇಲೆ ಹೋಯಿತು.

ಇಲ್ಲಿಗೇ ನಿಲ್ಲಿಸಬಹುದು, ಪರೀಕ್ಷೆಗಂತೂ ಇಷ್ಟು ಸಾಕು. ಆದರೆ ಬಿಲ್ಲನ್ನೇ ಕೈಗೆತ್ತಿಕೊಂಡು ನೋಡಿದರೆ ಅದರಲ್ಲಿ ಎರಡು ಸಾಲುಗಳಿವೆ. ಒಂದು, ಮಂಜೂರಾದ ಲೋಡಿನ ಮೇಲೆ ಬರುವ ನಿಗದಿತ ಶುಲ್ಕ. ಯಂತ್ರ ಓಡಲಿ ಬಿಡಲಿ ಅದನ್ನು ಕಟ್ಟಲೇಬೇಕು. ಇನ್ನೊಂದು, ಉರಿದ ಯೂನಿಟ್ಟಿನ ಶುಲ್ಕ. ನಿಗದಿತ ಶುಲ್ಕಕ್ಕೆ ಕಾರಣ ನೀವು ಹಾಕಿಸಿಕೊಂಡ ಎಚ್‌ಪಿ, ಯೂನಿಟ್ಟಿಗೆ ಕಾರಣ ಎಚ್‌ಪಿ ಮತ್ತು ಗಂಟೆ ಎರಡೂ. ನಮ್ಮ 90,000ದಲ್ಲಿ 18,000 ನಿಗದಿತ, 72,000 ಯೂನಿಟ್ಟಿನದು ಎಂದಿದ್ದರೆ ಎರಡನ್ನೂ ಬೇರೆಬೇರೆಯಾಗಿ ಹಂಚಬೇಕು. 18,000ವನ್ನು 80 ಎಚ್‌ಪಿಯಿಂದ ಭಾಗಿಸಿದರೆ 225 ರೂಪಾಯಿ, 72,000ವನ್ನು 20,000 ಎಚ್‌ಪಿ-ಗಂಟೆಯಿಂದ ಭಾಗಿಸಿದರೆ 3.60. ಮಿಲ್ಲಿಂಗ್‌ಗೆ 6,750 ಮತ್ತು 37,800 ಸೇರಿ 44,550. ಟರ್ನಿಂಗ್‌ಗೆ 9,000 ಮತ್ತು 28,800 ಸೇರಿ 37,800. ಒಂದೇ ಪಾಳಿ ಓಡಿದರೂ 40 ಎಚ್‌ಪಿ ಲೋಡ್ ಹಿಡಿದಿಟ್ಟುಕೊಂಡಿದ್ದಕ್ಕೆ ಟರ್ನಿಂಗ್ ತನ್ನ ಪಾಲು ಕೊಡುತ್ತಿದೆ. ಎರಡು ಪಾಳಿಯವರಿಗೂ ಒಂದು ಪಾಳಿಯವರಿಗೂ ನ್ಯಾಯವಾಗಿ ತೋರುವ ಹಂಚಿಕೆ ಇದು, ಮತ್ತು ನಿಮ್ಮ ಶಾಪ್‌ಗೆ ನಮ್ಮ ಸಲಹೆಯೂ ಇದೇ.

ಎಚ್‌ಪಿ ಪಟ್ಟಿಯನ್ನು ಮಾಡುವಾಗ ಮೋಟಾರಿನ ನೇಮ್‌ಪ್ಲೇಟನ್ನು ಕಣ್ಣಿಟ್ಟು ಓದಿ. ಹಳೆಯ ಲೇತಿನ ಪ್ಲೇಟಿನಲ್ಲಿ ಎಚ್‌ಪಿ ಇರುತ್ತದೆ, ಹೊಸ ಸಿಎನ್‌ಸಿಯದರಲ್ಲಿ ಕಿಲೋವ್ಯಾಟ್. ಒಂದು ಎಚ್‌ಪಿ ಎಂದರೆ 0.746 ಕಿಲೋವ್ಯಾಟ್, 7.5 ಕಿಲೋವ್ಯಾಟಿನ ಸ್ಪಿಂಡಲ್ ಮೋಟಾರು 10 ಎಚ್‌ಪಿಗೆ ಸಮ. ಪ್ಲೇಟಿನ ಅಂಕಿಯನ್ನು ಹಾಗೇ ಎಚ್‌ಪಿ ಕಾಲಮ್ಮಿನಲ್ಲಿ ಬರೆದುಬಿಟ್ಟರೆ ಆ ಯಂತ್ರದ ಕಾಲು ಭಾಗ ಲೆಕ್ಕದಿಂದ ಮಾಯವಾಗುತ್ತದೆ, ಅದರ ಭಾರ ಹಳೆಯ ಲೇತುಗಳ ಮೇಲೆ ಬೀಳುತ್ತದೆ. ಸ್ಪಿಂಡಲ್ ಒಂದನ್ನೇ ಬರೆದುಕೊಂಡು ಕೂಲೆಂಟ್ ಪಂಪು, ಚಿಪ್ ಕನ್ವೇಯರ್, ಹೈಡ್ರಾಲಿಕ್ ಮೋಟಾರುಗಳನ್ನು ಬಿಡುವುದೂ ಇದೇ ಜಾತಿಯ ತಪ್ಪು. ಇನ್ನು ಕಂಪ್ರೆಸರ್. ಅದು ಅಸೆಂಬ್ಲಿಯ ಗೋಡೆಯ ಪಕ್ಕದಲ್ಲಿ ನಿಂತಿದೆ ಎಂದ ಮಾತ್ರಕ್ಕೆ ಅಸೆಂಬ್ಲಿಯದಾಗುವುದಿಲ್ಲ. ಎಲ್ಲ ವಿಭಾಗಗಳಿಗೂ ಗಾಳಿ ಕೊಡುವುದಾದರೆ ಅದರ ಎಚ್‌ಪಿಯನ್ನು ಮೆಂಟೆನೆನ್ಸ್‌ಗೆ ಸೇರಿಸಿ, ಆಮೇಲೆ ದ್ವಿತೀಯಕ ಹಂಚಿಕೆಯಲ್ಲಿ ಅದು ಹೋಗಬೇಕಾದಲ್ಲಿಗೆ ಹೋಗುತ್ತದೆ.

ಎಚ್‌ಪಿ-ಗಂಟೆಗೂ ಒಂದು ಮಿತಿ ಇದೆ. ಹತ್ತು ಎಚ್‌ಪಿಯ ಮೋಟಾರು ಸದಾ ಹತ್ತು ಎಚ್‌ಪಿಯಷ್ಟೇ ಎಳೆಯುವುದಿಲ್ಲ. ಒರಟು ಕಟ್ಟಿಂಗ್‌ನಲ್ಲಿ ಪೂರ್ತಿ ಲೋಡ್ ಬೀಳಬಹುದು, ಫಿನಿಶಿಂಗ್‌ನಲ್ಲಿ ಅರ್ಧವೂ ಬೀಳದಿರಬಹುದು. ಎರಡು ವಿಭಾಗಗಳ ಕೆಲಸದ ಸ್ವಭಾವ ಇಷ್ಟು ಬೇರೆಯಾಗಿದ್ದರೆ ಲೆಕ್ಕದ ಮೇಲೆ ಲೆಕ್ಕ ಹಾಕುವ ಬದಲು ವಿಭಾಗಕ್ಕೊಂದು ಸಬ್‌ಮೀಟರ್ ಹಾಕಿಸುವುದೇ ವಾಸಿ. ಮೀಟರ್ ಬಂದ ಮೇಲೆ ಯೂನಿಟ್ಟುಗಳ ಮಟ್ಟಿಗೆ ಅಂದಾಜಿನ ಕೆಲಸವೇ ಇರುವುದಿಲ್ಲ.

ಸವಕಳಿಗೆ ಬಂದರೆ, ಮೊದಲು ನಿಮ್ಮ ಆಸ್ತಿ ರಿಜಿಸ್ಟರ್ ತೆರೆದು ನೋಡಿ. ಅದರಲ್ಲಿ ಯಂತ್ರವಾರು ಸವಕಳಿ ಇದ್ದು, ಯಾವ ಯಂತ್ರ ಯಾವ ವಿಭಾಗದಲ್ಲಿದೆ ಎಂದೂ ಗೊತ್ತಿದ್ದರೆ ಹಂಚುವ ಮಾತೇ ಇಲ್ಲ. ಆಯಾ ವಿಭಾಗದ ಯಂತ್ರಗಳ ಮೊತ್ತವನ್ನು ಆ ವಿಭಾಗಕ್ಕೇ ನೇರವಾಗಿ ಬರೆಯಿರಿ. ಆಸ್ತಿಯ ಮೌಲ್ಯದ ಆಧಾರ ಬೇಕಾಗುವುದು ಒಟ್ಟು ಮೊತ್ತವಷ್ಟೇ ಕೈಯಲ್ಲಿದ್ದಾಗ. ನಮ್ಮ ಉದಾಹರಣೆಯಲ್ಲಿ ಟರ್ನಿಂಗ್ ಯಂತ್ರಗಳ ಮೌಲ್ಯ 24 ಲಕ್ಷ, ಮಿಲ್ಲಿಂಗ್ 30 ಲಕ್ಷ, ಅಸೆಂಬ್ಲಿ 3 ಲಕ್ಷ, ಮೆಂಟೆನೆನ್ಸ್ 2 ಲಕ್ಷ, ಸ್ಟೋರ್ಸ್ 1 ಲಕ್ಷ. ಒಟ್ಟು 60 ಲಕ್ಷದ ಮೇಲೆ ತಿಂಗಳಿಗೆ 75,000 ಎಂದರೆ ನೂರಕ್ಕೆ 1.25 ರೂಪಾಯಿ.

ಯಾವ ಮೌಲ್ಯ ಎಂಬುದನ್ನು ಸವಕಳಿಯ ವಿಧಾನವೇ ಹೇಳುತ್ತದೆ. ನೇರ ರೇಖಾ ವಿಧಾನದಲ್ಲಿ ಸವಕಳಿ ತೆಗೆಯುವುದು ಕೊಂಡ ಬೆಲೆಯ ಮೇಲೆ, ಆದ್ದರಿಂದ ಹಂಚುವುದೂ ಕೊಂಡ ಬೆಲೆಯ ಮೇಲೆ. ಇಳಿಕೆ ಬಾಕಿ ವಿಧಾನದಲ್ಲಿ ಪುಸ್ತಕದಲ್ಲಿ ಉಳಿದ ಮೌಲ್ಯದ ಮೇಲೆ. ಎರಡನ್ನೂ ಕಲಸಿದರೆ ಏನಾಗುತ್ತದೆ ನೋಡಿ: ಸವಕಳಿಯನ್ನು ಉಳಿದ ಮೌಲ್ಯದ ಮೇಲೆ ತೆಗೆದು, ಹಂಚುವಾಗ ಕೊಂಡ ಬೆಲೆ ಹಿಡಿದರೆ, ಮೌಲ್ಯ ಕರಗಿಹೋದ ಹಳೆಯ ಲೇತುಗಳು ಮಿಲ್ಲಿಂಗ್‌ನ ಹೊಸ ಯಂತ್ರದ ಸವಕಳಿಯನ್ನು ಹೊರುತ್ತವೆ. ಎಲ್ಲ ಆಸ್ತಿಗೂ ಒಂದೇ ದರವಿದ್ದರೆ ಮಾತ್ರ ಈ ಆಧಾರ ಸರಿಹೊಂದುತ್ತದೆ ಎಂಬುದೂ ನೆನಪಿರಲಿ. ಯಂತ್ರಕ್ಕೊಂದು ದರ, ಕಂಪ್ಯೂಟರಿಗೊಂದು ದರ ಹಿಡಿಯುತ್ತಿದ್ದರೆ ಆ ಎರಡು ಗುಂಪುಗಳನ್ನು ಮೊದಲು ಬೇರ್ಪಡಿಸಿ. ಸ್ವಂತ ಕಟ್ಟಡವಿದ್ದರೆ ಅದರ ಸವಕಳಿ ಈ ಸಾಲಿಗೆ ಬರುವುದಿಲ್ಲ. ಬಾಡಿಗೆಯ ಹಾಗೆ ಚದರಡಿಯ ಮೇಲೆ ಹೋಗುತ್ತದೆ.

ಎಲ್ಲ ಸೇರಿಸಿದ ಮೇಲೆ ತಖ್ತೆ ಹೀಗಿರುತ್ತದೆ:

| ವಿಭಾಗ | ಬಾಡಿಗೆ | ವಿದ್ಯುತ್ | ಸವಕಳಿ | ಒಟ್ಟು |
|---|---|---|---|---|
| ಟರ್ನಿಂಗ್ | 40,000 | 37,800 | 30,000 | 1,07,800 |
| ಮಿಲ್ಲಿಂಗ್ | 30,000 | 44,550 | 37,500 | 1,12,050 |
| ಅಸೆಂಬ್ಲಿ | 30,000 | 4,725 | 3,750 | 38,475 |
| ಮೆಂಟೆನೆನ್ಸ್ | 8,000 | 2,925 | 2,500 | 13,425 |
| ಸ್ಟೋರ್ಸ್ | 12,000 | 0 | 1,250 | 13,250 |
| ಒಟ್ಟು | 1,20,000 | 90,000 | 75,000 | 2,85,000 |

ಅಡ್ಡ ಕೂಡಿದರೂ ಉದ್ದ ಕೂಡಿದರೂ 2,85,000 ಬರಬೇಕು. ಬಂದಿತೆಂದು ನಿಶ್ಚಿಂತರಾಗಬೇಡಿ. ಆಧಾರ ತಪ್ಪಿದ್ದರೂ ಒಟ್ಟು ತಾಳೆಯಾಗುತ್ತದೆ. ಬರೀ ಎಚ್‌ಪಿ ಹಿಡಿದಿದ್ದರೂ ಒಟ್ಟು ಇದೇ ಇರುತ್ತಿತ್ತು. ಮಿಲ್ಲಿಂಗ್ ಮಾತ್ರ 1,01,250ಕ್ಕೆ ಇಳಿದಿರುತ್ತಿತ್ತು, ಟರ್ನಿಂಗ್ 1,15,000ಕ್ಕೆ ಏರಿರುತ್ತಿತ್ತು. ತಖ್ತೆಯಲ್ಲಿ ಕಾಣದ ಈ ತಪ್ಪು ಕಾಣುವುದು ಕೊಟೇಶನ್ನಿನಲ್ಲಿ. ಮಿಲ್ಲಿಂಗ್‌ನಲ್ಲಿ ಮೂರು ಯಂತ್ರಗಳಿದ್ದು ತಲಾ 350 ಗಂಟೆ ಓಡಿದರೆ 1,050 ಯಂತ್ರ-ಗಂಟೆ. 10,800 ರೂಪಾಯಿಯ ವ್ಯತ್ಯಾಸ ಎಂದರೆ ಗಂಟೆಗೆ ಹತ್ತು ರೂಪಾಯಿಗೂ ಹೆಚ್ಚು. ಮಿಲ್ಲಿಂಗ್ ಕೆಲಸಕ್ಕೆ ಅಷ್ಟು ಕಡಿಮೆ ದರ ಹೇಳುತ್ತೀರಿ, ಅಂಥ ಆರ್ಡರುಗಳು ಸರಾಗವಾಗಿ ಬರುತ್ತವೆ. ಟರ್ನಿಂಗ್‌ಗೆ ದರ ಜಾಸ್ತಿಯಾಗಿ ಅಲ್ಲಿನ ಆರ್ಡರು ಪಕ್ಕದ ಶೆಡ್ಡಿಗೆ ಹೋಗುತ್ತದೆ. ಮಿಲ್ಲಿಂಗ್ ಸದಾ ತುಂಬಿ, ಟರ್ನಿಂಗ್ ಖಾಲಿ ಹೊಡೆಯುತ್ತಿದ್ದರೆ ಮಾರುಕಟ್ಟೆಯನ್ನು ದೂರುವ ಮೊದಲು ಹಂಚಿಕೆಯ ಆಧಾರವನ್ನೊಮ್ಮೆ ತೆಗೆದು ನೋಡಿ.

ಚದರಡಿಯ ಅಳತೆ, ಎಚ್‌ಪಿ ಪಟ್ಟಿ, ಆಸ್ತಿಯ ಮೌಲ್ಯ ಇವನ್ನು ಯಂತ್ರ ಬಂದಾಗ, ಹೋದಾಗ, ಜಾಗ ಬದಲಾಯಿಸಿದಾಗ ತಿದ್ದಬೇಕು. ಓಡಿದ ಗಂಟೆಯನ್ನಂತೂ ಪ್ರತಿ ತಿಂಗಳೂ ಲಾಗ್‌ಬುಕ್ಕಿನಿಂದ ಹೊಸದಾಗಿ ತೆಗೆದುಕೊಳ್ಳಬೇಕು. ಮಿಲ್ಲಿಂಗ್‌ನ ಎರಡನೇ ಪಾಳಿ ನಿಂತ ತಿಂಗಳು ಹಳೆಯ 350ನ್ನೇ ಹಾಕಿದರೆ, ಓಡದ ಪಾಳಿಯ ವಿದ್ಯುತ್ತನ್ನೂ ಮಿಲ್ಲಿಂಗ್ ಮೇಲೆ ಬರೆದಂತಾಗುತ್ತದೆ.