ಬಟನ್ ಒತ್ತಿದ ಮೇಲೆ ಕಂಪ್ಯೂಟರ್ ಎಲ್ಲಿಯವರೆಗೆ ಬಂದು ನಿಂತಿತು?

ದುರಸ್ತಿಗೆಂದು ಬರುವ ಡೆಸ್ಕ್‌ಟಾಪ್ ಕಂಪ್ಯೂಟರುಗಳಲ್ಲಿ ಬಹುಪಾಲಿನ ಜೊತೆ ಬರುವ ದೂರು ಒಂದೇ: "ಆನ್ ಆಗ್ತಿಲ್ಲ ಸರ್." ಒಳಗಿನ ಫ್ಯಾನ್ ತಿರುಗದಿದ್ದರೂ ಇದೇ ಮಾತು, ನೀಲಿ ಪರದೆ ಬಂದರೂ ಇದೇ ಮಾತು, ಪಾಸ್‌ವರ್ಡ್ ಕೊಟ್ಟ ಮೇಲೆ ಪರದೆ ಕಪ್ಪಾಗಿ ಉಳಿದರೂ ಇದೇ ಮಾತು. ಆದ್ದರಿಂದ ನಾನು ಮೊದಲು ಕೇಳುವ ಪ್ರಶ್ನೆ ಅದು ಎಲ್ಲಿಯವರೆಗೆ ಬಂದು ನಿಲ್ಲುತ್ತದೆ ಎಂಬುದು. ಬಟನ್ ಒತ್ತಿದ ಕ್ಷಣದಿಂದ ಡೆಸ್ಕ್‌ಟಾಪ್ ಕಾಣುವವರೆಗೆ ಒಂದು ಹಂತ ತನ್ನ ಕೆಲಸ ಮುಗಿಸಿ ಮುಂದಿನದಕ್ಕೆ ಅಧಿಕಾರ ಒಪ್ಪಿಸುತ್ತಾ ಹೋಗುತ್ತದೆ, ಮತ್ತು ಪ್ರತಿ ಹಂತವೂ ಆ ಹೊತ್ತಿಗೆ ತನ್ನ ಕೈಯಲ್ಲಿರುವ ಸಾಧನದಿಂದ ಮಾತ್ರ ತನ್ನ ತೊಂದರೆಯನ್ನು ಹೇಳಿಕೊಳ್ಳಬಲ್ಲದು. ಪರದೆ ಇನ್ನೂ ಸಿದ್ಧವಾಗದ ಹಂತ ಬೀಪ್ ಸದ್ದನ್ನೋ ಪುಟ್ಟ ದೀಪವನ್ನೋ ಬಳಸುತ್ತದೆ. ಪರದೆ ಸಿಕ್ಕ ಹಂತ ಅಕ್ಷರದಲ್ಲಿ ಹೇಳುತ್ತದೆ. ಇಲ್ಲಿ ಹೇಳುವುದೆಲ್ಲ ಯುಇಎಫ್‌ಐ ಮಾದರಿಯ ಬಯೋಸ್ ಇರುವ, ವಿಂಡೋಸ್ 10 ಅಥವಾ 11 ಹಾಕಿದ ಡೆಸ್ಕ್‌ಟಾಪ್‌ಗೆ ಸಂಬಂಧಿಸಿದ್ದು.

ಪವರ್ ಬಟನ್ ಟ್ಯೂಬ್‌ಲೈಟಿನ ಸ್ವಿಚ್ಚಿನಂತೆ ಕರೆಂಟನ್ನು ನೇರವಾಗಿ ಹರಿಯಬಿಡುವುದಿಲ್ಲ. ಗೋಡೆಯ ಸ್ವಿಚ್ ಹಾಕಿದ ಕ್ಷಣದಿಂದಲೇ, ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ವೋಲ್ಟೇಜುಗಳಿಗೆ ಇಳಿಸಿಕೊಡುವ ಎಸ್‌ಎಂಪಿಎಸ್ ಮದರ್‌ಬೋರ್ಡಿಗೆ 5 ವೋಲ್ಟಿನ ಒಂದು ಕಾಯ್ದಿಟ್ಟ ಪೂರೈಕೆ ಕೊಡುತ್ತಿರುತ್ತದೆ. ಬಟನ್ ಒತ್ತಿದಾಗ ಬೋರ್ಡಿನ ಮೇಲಿನ ಎರಡು ಪಿನ್ನುಗಳು ಕ್ಷಣಕಾಲ ಕೂಡುತ್ತವೆ; ಅದನ್ನು ಗಮನಿಸಿದ ಬೋರ್ಡು ಹಸಿರು ತಂತಿಯ ಮೂಲಕ ಎಸ್‌ಎಂಪಿಎಸ್‌ಗೆ ಪೂರ್ತಿ ಆನ್ ಆಗಲು ಸೂಚಿಸುತ್ತದೆ. ವೋಲ್ಟೇಜುಗಳು ಸ್ಥಿರವಾದ ಮೇಲೆ, 100ರಿಂದ 500 ಮಿಲಿಸೆಕೆಂಡಿನೊಳಗೆ, ಬೂದು ತಂತಿಯಲ್ಲಿ "ಪೂರೈಕೆ ಸರಿಯಿದೆ" ಎಂಬ ಸಂಕೇತ ಬರುತ್ತದೆ. ಅದು ಬರುವವರೆಗೆ ಪ್ರೊಸೆಸರನ್ನು ಓಡಲು ಬಿಡುವುದಿಲ್ಲ. ಬಟನ್ ಒತ್ತಿದಾಗ ಏನೂ ಆಗದಿದ್ದರೆ, ಬಟನ್ನಿನ ತಂತಿಯನ್ನು ಕಳಚಿ ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಒಮ್ಮೆ ತಾಗಿಸಿ ನೋಡುತ್ತೇನೆ. ಆಗ ಆನ್ ಆದರೆ ಕೆಟ್ಟಿರುವುದು ಬಟನ್ ಮಾತ್ರ. ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತುಬಿಟ್ಟರೆ ಎಲ್ಲೋ ಶಾರ್ಟ್ ಆಗಿ ಎಸ್‌ಎಂಪಿಎಸ್ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿದೆ ಎಂಬ ಅನುಮಾನ ಮೊದಲು ಬರಬೇಕು.

ಫ್ಯಾನ್ ತಿರುಗುತ್ತಲೇ ಇದ್ದು ಪರದೆ ಮಾತ್ರ ಬರದಿದ್ದರೆ ನಾವು ಎರಡನೆಯ ಹಂತದಲ್ಲಿದ್ದೇವೆ. ಪ್ರೊಸೆಸರ್ ತನ್ನ ಮೊದಲ ಆದೇಶಗಳನ್ನು ಬೋರ್ಡಿನ ಮೇಲಿನ ಪುಟ್ಟ ಫ್ಲ್ಯಾಶ್ ಚಿಪ್ಪಿನಿಂದ, ಅಂದರೆ ನಾವು ರೂಢಿಯಲ್ಲಿ ಬಯೋಸ್ ಎನ್ನುವ ತಂತ್ರಾಂಶದಿಂದ, ಓದಿಕೊಳ್ಳುತ್ತದೆ. ಆಗಿನ್ನೂ ರ್‍ಯಾಮ್ ಬಳಕೆಗೆ ಸಿದ್ಧವಾಗಿರುವುದಿಲ್ಲ. ಪ್ರೊಸೆಸರ್ ತನ್ನೊಳಗಿನ ಕ್ಯಾಶೆಯನ್ನೇ ತಾತ್ಕಾಲಿಕ ಸ್ಮೃತಿಯಾಗಿ ಬಳಸಿಕೊಂಡು ರ್‍ಯಾಮ್ ಕಡ್ಡಿಗಳ ವೇಗ ಮತ್ತು ಸಮಯವನ್ನು ಹೊಂದಿಸುತ್ತದೆ. ಪರದೆಯನ್ನು ಸಿದ್ಧಪಡಿಸುವುದು ಇದಾದ ಮೇಲೆಯೇ, ಹಾಗಾಗಿ ರ್‍ಯಾಮ್ ತೊಂದರೆಯನ್ನು ಪರದೆಯ ಮೇಲೆ ಬರೆಯಲು ಯಂತ್ರಕ್ಕೆ ದಾರಿಯೇ ಇಲ್ಲ. ಸ್ಪೀಕರ್ ಇದ್ದರೆ ಬೀಪ್ ಕೇಳಿಸುತ್ತದೆ. ಎಷ್ಟು ಬೀಪಿಗೆ ಏನರ್ಥ ಎಂಬುದು ಬಯೋಸ್ ತಯಾರಕರನ್ನು ಅವಲಂಬಿಸಿ ಬದಲಾಗುವುದರಿಂದ ಬೋರ್ಡಿನ ಕೈಪಿಡಿಯನ್ನೇ ನೋಡಬೇಕು. ಈಚಿನ ಅನೇಕ ಬೋರ್ಡುಗಳಲ್ಲಿ CPU, DRAM, VGA, BOOT ಎಂದು ಬರೆದ ನಾಲ್ಕು ದೀಪಗಳಿರುತ್ತವೆ, ಮತ್ತು ಸಿಕ್ಕಿಬಿದ್ದ ಹಂತದ ದೀಪ ಆರದೆ ಉಳಿಯುತ್ತದೆ. ಇದಕ್ಕಿಂತ ಪ್ರಾಮಾಣಿಕ ಉತ್ತರ ಕೊಡುವ ಸಾಧನ ಇನ್ನೊಂದಿಲ್ಲ. ಆದರೂ ಕ್ಯಾಬಿನೆಟ್ ತೆರೆದು ಅದನ್ನು ನೋಡುವವರು ಕಡಿಮೆ. DRAM ದೀಪ ನಿಂತಿದ್ದರೆ ವಿದ್ಯುತ್ ತೆಗೆದು, ಕಡ್ಡಿಗಳನ್ನು ಬಿಚ್ಚಿ, ಒಂದೊಂದನ್ನೇ ಒಂದೇ ಸ್ಲಾಟಿನಲ್ಲಿ ಹಾಕಿ ನೋಡಬೇಕು. ಹೊಸದಾಗಿ ಡಿಡಿಆರ್5 ರ್‍ಯಾಮ್ ಹಾಕಿದ ಯಂತ್ರ ಮಾತ್ರ ಮೊದಲ ಸಲ ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಇರಬಹುದು. ಅದು ಕೆಟ್ಟಿಲ್ಲ, ಹೊಂದಾಣಿಕೆ ನಡೆಸುತ್ತಿದೆ. ಅವಸರಪಟ್ಟು ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಕಪ್ಪು ಪರದೆಯ ಮುಂದೆ ಕುಳಿತು ಮಾಡಬಹುದಾದ ಇನ್ನೊಂದು ಪರೀಕ್ಷೆಗೆ ಖರ್ಚೇ ಇಲ್ಲ. ಅರ್ಧ ನಿಮಿಷ ಬಿಟ್ಟು ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರುತ್ತಿದ್ದರೆ ಒಳಗೆ ತಂತ್ರಾಂಶ ಓಡುತ್ತಿದೆ ಎಂದರ್ಥ. ಆಗ ಮಾನಿಟರ್, ಅದರ ಕೇಬಲ್, ಅಥವಾ ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸಬೇಕಾದ ಕೇಬಲನ್ನು ಮದರ್‌ಬೋರ್ಡಿಗೆ ಸಿಕ್ಕಿಸಿರುವುದು, ಇವುಗಳ ಕಡೆ ನೋಡಬೇಕು.

ಲೋಗೋ ಕಂಡಿತೆಂದರೆ ಬಯೋಸ್ ಈಗ ವಿಂಡೋಸನ್ನು ಹುಡುಕಲು ಹೊರಟಿದೆ. ಬೋರ್ಡಿನೊಳಗೆ ಉಳಿಸಿಟ್ಟ ಬೂಟ್ ಪಟ್ಟಿಯಲ್ಲಿ Windows Boot Manager ಎಂಬ ನಮೂದು ಇರುತ್ತದೆ. ಅದು ಡಿಸ್ಕಿನ ಒಂದು ಚಿಕ್ಕ, ಸಾಮಾನ್ಯವಾಗಿ 100 ಎಂಬಿಯ ವಿಭಾಗದಲ್ಲಿರುವ bootmgfw.efi ಎಂಬ ಫೈಲನ್ನು ತೋರಿಸುತ್ತದೆ. ಬೂಟ್ ಡಿಸ್ಕ್ ಸಿಗಲಿಲ್ಲವೆಂದು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಬಂದರೆ, ಇಲ್ಲವೇ ಯಂತ್ರ ಕೇಳದೆಯೇ ಬಯೋಸ್ ಸೆಟಪ್ಪಿಗೆ ಹೋದರೆ, ಮಾತನಾಡುತ್ತಿರುವುದು ಬಯೋಸ್. ಆಗ ಸೆಟಪ್ಪಿನಲ್ಲಿ ಡಿಸ್ಕಿನ ಹೆಸರೇ ಇಲ್ಲದಿದ್ದರೆ ಡಿಸ್ಕ್ ಅಥವಾ ಕೇಬಲ್ ಕಡೆ ಹೋಗಬೇಕು; ಹೆಸರಿದ್ದು ನಮೂದು ಇಲ್ಲದಿದ್ದರೆ ಆ ಚಿಕ್ಕ ವಿಭಾಗವನ್ನು ನೋಡಬೇಕು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತಯಾರಕರ ಲೋಗೋ ಬಯೋಸಿನದು, ಆದರೆ ಅದರ ಕೆಳಗೆ ಸುತ್ತುವ ಚುಕ್ಕೆಗಳು ವಿಂಡೋಸಿನವು. ಎರಡೂ ಒಂದೇ ಚಿತ್ರದಂತೆ ಕಾಣುವುದರಿಂದ ಜನ ಬೇರ್ಪಡಿಸಿ ನೋಡುವುದಿಲ್ಲ. ಚುಕ್ಕೆಗಳು ಕಂಡಿದ್ದವೇ ಎಂದು ಫೋನಿನಲ್ಲೇ ಕೇಳಿ ತಿಳಿದುಕೊಂಡರೆ ಅರ್ಧ ರೋಗ ಪತ್ತೆಯಾದಂತೆ. ನೀಲಿ ಪರದೆಯಲ್ಲೂ ಎರಡು ಬಗೆ ಇವೆ. ದುರಸ್ತಿ ಬೇಕಿದೆ ಎಂಬ ಮಾತಿನ ಜೊತೆ 0xc000000f ಎಂಬಂಥ ಸಂಕೇತವನ್ನೂ BCD ಎಂಬ ಫೈಲಿನ ಹೆಸರನ್ನೂ ತೋರಿಸುವ ಪರದೆ ಬೂಟ್ ಮ್ಯಾನೇಜರಿನದು. ವಿಂಡೋಸಿನ ತಿರುಳು, ಅಂದರೆ ಕರ್ನಲ್, ಆಗಿನ್ನೂ ಶುರುವಾಗಿಯೇ ಇಲ್ಲ. ವಿಂಡೋಸಿನ ಇನ್‌ಸ್ಟಾಲ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಕಮಾಂಡ್ ಪ್ರಾಂಪ್ಟ್ ತೆರೆದು, ಆ ಚಿಕ್ಕ ವಿಭಾಗಕ್ಕೆ S: ಎಂಬ ಅಕ್ಷರ ಕೊಟ್ಟ ಮೇಲೆ ಒಂದೇ ಸಾಲಿನಲ್ಲಿ ಬೂಟ್ ಫೈಲುಗಳನ್ನು ಹೊಸದಾಗಿ ಬರೆಸಬಹುದು:

```
bcdboot C:\Windows /s S: /f UEFI
```

ಅಲ್ಲಿ ವಿಂಡೋಸ್ ಇರುವ ಡ್ರೈವಿನ ಅಕ್ಷರ C: ಅಲ್ಲದೆ ಬೇರೆಯದೂ ಆಗಿರಬಹುದಾದ್ದರಿಂದ ಮೊದಲು dir ಹಾಕಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಬಗೆಯ ನೀಲಿ ಪರದೆಯ ಹಿಂದಿರುವ ಕಾರಣ ನನ್ನ ಮಟ್ಟಿಗೆ ಈ ಇಡೀ ಸರಣಿಯಲ್ಲೇ ಅತ್ಯಂತ ಕುತೂಹಲದ್ದು. ಬೂಟ್ ಮ್ಯಾನೇಜರ್ ಕರೆಯುವ winload.efi, ವಿಂಡೋಸಿನ ತಿರುಳಾದ ntoskrnl.exe ಅನ್ನೂ ಆರಂಭಕ್ಕೆ ಬೇಕಾದ ಡ್ರೈವರುಗಳನ್ನೂ ರ್‍ಯಾಮಿಗೆ ತುಂಬುತ್ತದೆ. ಈವರೆಗೆ ಡಿಸ್ಕನ್ನು ಓದಿಕೊಟ್ಟದ್ದೆಲ್ಲ ಬಯೋಸ್. ತಿರುಳು ಕೆಲಸ ಶುರುಮಾಡಿದ ಮೇಲೆ ಆ ಸಹಾಯ ನಿಂತುಹೋಗುತ್ತದೆ, ವಿಂಡೋಸ್ ಅದೇ ಡಿಸ್ಕನ್ನು ತನ್ನ ಸ್ವಂತ ಡ್ರೈವರಿನಿಂದ ಮತ್ತೆ ತಲುಪಬೇಕಾಗುತ್ತದೆ. ತಲುಪಲಾಗದಿದ್ದರೆ ಬರುವುದೇ INACCESSIBLE_BOOT_DEVICE ಎಂಬ ನೀಲಿ ಪರದೆ; ಈಚಿನ ವಿಂಡೋಸ್ 11ರಲ್ಲಿ ಇದರ ಬಣ್ಣ ಕಪ್ಪು. ಒಂದೆರಡು ಸೆಕೆಂಡಿನ ಹಿಂದಷ್ಟೇ ಓದಲು ಸಿಕ್ಕಿದ್ದ ಡಿಸ್ಕ್ ಈಗ ಸಿಗುತ್ತಿಲ್ಲ ಎನ್ನುವುದರಿಂದ, ಡಿಸ್ಕ್ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಇಲ್ಲಿ ಅವಸರಪಡಬಾರದು.

ಒಂದು ಚಿಕ್ಕ ಲೆಕ್ಕಪತ್ರ ಕಚೇರಿಯ ಕಂಪ್ಯೂಟರ್ ಹಬ್ಬದ ರಜೆಯಲ್ಲಿ ಗೋಡೆಯ ಸ್ವಿಚ್ ಆಫ್ ಆಗಿಯೇ ಇದ್ದು, ರಜೆ ಮುಗಿಸಿ ಆನ್ ಮಾಡಿದಾಗ ಇದೇ ಪರದೆ ತೋರಿಸುತ್ತಿತ್ತು. ವಿಂಡೋಸ್ ಹೊಸದಾಗಿ ಹಾಕಬೇಕೆಂದು ಅವರಿಗೆ ಯಾರೋ ಹೇಳಿಯಾಗಿತ್ತು. ಲೋಗೋ ಬರುತ್ತಿತ್ತು, ಚುಕ್ಕೆಗಳು ಸುತ್ತುತ್ತಿದ್ದವು, ಅಂದರೆ ವಿದ್ಯುತ್, ರ್‍ಯಾಮ್, ಬೂಟ್ ನಮೂದು, ಬೂಟ್ ಫೈಲು ಎಲ್ಲವೂ ತಮ್ಮ ಪಾಲಿನ ಕೆಲಸ ಮುಗಿಸಿದ್ದವು. ಸೆಟಪ್ಪಿಗೆ ಹೋದಾಗ ಡಿಸ್ಕಿನ ಹೆಸರು ಇತ್ತು, ಆದರೆ ಗಡಿಯಾರ ಹಲವು ವರ್ಷ ಹಿಂದಿನ ದಿನಾಂಕ ತೋರಿಸುತ್ತಿತ್ತು. ಸುಳಿವು ಸಿಕ್ಕಿದ್ದು ಅಲ್ಲಿ. ಗೋಡೆಯ ಸ್ವಿಚ್ ಹಾಕಿರುವಾಗ ಗಡಿಯಾರಕ್ಕೆ ಎಸ್‌ಎಂಪಿಎಸ್‌ನ ಕಾಯ್ದಿಟ್ಟ ಪೂರೈಕೆ ಸಿಗುತ್ತದೆ. ಅದಿಲ್ಲದಾಗ ನಡೆಸುವುದು ಬೋರ್ಡಿನ ನಾಣ್ಯದಾಕಾರದ ಸಿಆರ್2032 ಸೆಲ್. ಆ ಸೆಲ್ ಸತ್ತಿತ್ತು, ಗಡಿಯಾರ ನಿಂತಿತ್ತು, ಮತ್ತು ಇಂಥ ಸಂದರ್ಭದಲ್ಲಿ ಅನೇಕ ಬೋರ್ಡುಗಳು ಮಾಡುವಂತೆ ಅದೂ ಎಲ್ಲ ಸೆಟ್ಟಿಂಗುಗಳನ್ನು ಕಾರ್ಖಾನೆಯ ಮೂಲ ಸ್ಥಿತಿಗೆ ತಂದಿತ್ತು. ಡಿಸ್ಕಿನೊಡನೆ ವ್ಯವಹರಿಸುವ ನಿಯಂತ್ರಕದ ವಿಧಾನ AHCI ಬದಲು RAID ಎಂದಾಗಿತ್ತು. ಬಯೋಸಿಗೆ ಎರಡೂ ಒಂದೇ, ಆದರೆ AHCI ಇದ್ದಾಗ ಹಾಕಿದ ಆ ವಿಂಡೋಸಿನಲ್ಲಿ ಆರಂಭದಲ್ಲೇ ಎಚ್ಚರವಾಗುವಂತೆ ಗೊತ್ತುಮಾಡಿದ್ದ ಡ್ರೈವರ್ RAID ನಿಯಂತ್ರಕಕ್ಕೆ ಹೊಂದುವಂಥದ್ದಾಗಿರಲಿಲ್ಲ. ಸೆಲ್ ಬದಲಿಸಿ, ದಿನಾಂಕ ಸರಿಪಡಿಸಿ, AHCI ಎಂದು ಉಳಿಸಿದ ಮೇಲೆ ಲೆಕ್ಕದ ಫೈಲುಗಳ ಸಮೇತ ಎಲ್ಲವೂ ಮೊದಲಿನಂತೆ ತೆರೆದುಕೊಂಡವು. ಇಂಥ ಸೆಟ್ಟಿಂಗ್ ಮುಟ್ಟುವ ಮುನ್ನ ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸಿನ ಗೂಢಲಿಪಿ ಬೀಗ ಹಾಕಿದೆಯೇ ಎಂದು ಕೇಳಿಕೊಳ್ಳಬೇಕು. ಬಯೋಸಿನಲ್ಲಾದ ಬದಲಾವಣೆ ಕಂಡರೆ ಅದು 48 ಅಂಕಿಗಳ ಕೀಲಿ ಕೇಳಬಹುದು, ಆ ಕೀಲಿ ಕೈಯಲ್ಲಿರಬೇಕು.

ಈ ಹಂತದ ದೋಷಗಳು ಕೆಲವೊಮ್ಮೆ ಆಫ್ ಮಾಡಿ ಆನ್ ಮಾಡಿದರೂ ಹೋಗುವುದಿಲ್ಲ, ರೀಸ್ಟಾರ್ಟ್ ಕೊಟ್ಟರೆ ಮಾಯವಾಗುತ್ತವೆ. ಫಾಸ್ಟ್ ಸ್ಟಾರ್ಟಪ್ ಚಾಲೂ ಇರುವಲ್ಲಿ ಶಟ್‌ಡೌನ್ ಎಂದರೆ ತಿರುಳಿನ ಸ್ಥಿತಿಯನ್ನು hiberfil.sys ಎಂಬ ಫೈಲಿಗೆ ಬರೆದಿಟ್ಟು ಮಲಗುವುದು. ಬೆಳಿಗ್ಗೆ ಬಟನ್ ಒತ್ತಿದಾಗ ಹಿಂದಿನ ದಿನದ ಡ್ರೈವರುಗಳೇ ತಮ್ಮ ದೋಷದ ಸಮೇತ ಮರಳುತ್ತವೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ತುಂಬುತ್ತದೆ.

ಲಾಗಿನ್ ಪರದೆ ಬಂದರೆ ತಿರುಳು, ಡ್ರೈವರುಗಳು, ಮುಖ್ಯ ಸರ್ವಿಸುಗಳು ನಿಂತುಕೊಂಡಿವೆ. ಪಾಸ್‌ವರ್ಡ್ ಒಪ್ಪಿದ ಮೇಲೆ ವಿಂಡೋಸ್ userinit.exe ಎಂಬ ಚಿಕ್ಕ ಪ್ರೋಗ್ರಾಮನ್ನು ಓಡಿಸುತ್ತದೆ, ಅದು explorer.exe ಅನ್ನು ಕರೆಯುತ್ತದೆ. ಟಾಸ್ಕ್‌ಬಾರ್, ಐಕಾನ್, ಹಿನ್ನೆಲೆಯ ಚಿತ್ರ ಎಲ್ಲವೂ ಇದರ ಕೆಲಸ. ಕಪ್ಪು ಪರದೆಯ ಮೇಲೆ ಮೌಸಿನ ಬಾಣವೊಂದೇ ಓಡಾಡುತ್ತಿದ್ದರೆ ಸಿಕ್ಕಿಬಿದ್ದಿರುವುದು ಬಹುಶಃ ಇಲ್ಲೇ. Ctrl+Alt+Del ಒತ್ತಿದಾಗ ಆಯ್ಕೆಗಳ ಪರದೆ ಬಂದರೆ ಟಾಸ್ಕ್ ಮ್ಯಾನೇಜರ್ ತೆರೆದು, ಹೊಸ ಟಾಸ್ಕ್ ಓಡಿಸುವಲ್ಲಿ explorer.exe ಎಂದು ಬರೆದು ನೋಡಬೇಕು. ಡೆಸ್ಕ್‌ಟಾಪ್ ಬಂದರೆ ಹುಡುಕಾಟ ರಿಜಿಸ್ಟ್ರಿಯ ಈ ಒಂದು ಮೌಲ್ಯದಿಂದ ಶುರುವಾಗುತ್ತದೆ:

```
reg query "HKLM\SOFTWARE\Microsoft\Windows NT\CurrentVersion\Winlogon" /v Shell
```

ಉತ್ತರ explorer.exe ಎಂದೇ ಇರಬೇಕು. ಬೇರೆ ಯಾವುದಾದರೂ ಪ್ರೋಗ್ರಾಮಿನ ಹೆಸರಿದ್ದರೆ ಯಾವುದೋ ತಂತ್ರಾಂಶ, ಹಲವು ಸಲ ವೈರಸ್, ಆ ಜಾಗ ಹಿಡಿದಿದೆ. ಹೆಸರು ಸರಿಯಿದ್ದೂ ಪ್ರತಿ ಸಲ ಕೈಯಿಂದಲೇ ಎಬ್ಬಿಸಬೇಕಾಗುತ್ತಿದ್ದರೆ ಹೊಸ ಯೂಸರ್ ಖಾತೆಯೊಂದನ್ನು ತೆರೆದು ಅದರಲ್ಲಿ ಲಾಗಿನ್ ಆಗಿ ನೋಡಿ, ದೋಷ ಹಳೆಯ ಖಾತೆಯದ್ದೋ ಇಡೀ ವಿಂಡೋಸಿನದ್ದೋ ಎಂಬುದನ್ನು ಬೇರ್ಪಡಿಸಿಕೊಳ್ಳಬೇಕು.